ಬಟನ್ ಮೇಲೆ ಏನು ಬರೆಯಬೇಕು? ವಾಟ್ಸಾಪ್, ಅಂಗಡಿ ಭೇಟಿ, ಪ್ರೀ ಆರ್ಡರ್‌ಗೆ ಒಂದೇ ಮಾತು ಸಾಕಾ?

ಕಪಾಟು_ಕೆಲಸ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಇಬ್ಬರೂ ಸೇರಿ ಗೋಡೆಯ ಅಳತೆಗೆ ತಕ್ಕಂತೆ ಪುಸ್ತಕದ ಕಪಾಟು ಮಾಡಿಕೊಡುತ್ತೇವೆ. ಜಾಹೀರಾತು ಒತ್ತಿದವರು ನಮ್ಮದೇ ಒಂದು ವೆಬ್ ಪುಟಕ್ಕೆ ಬರುತ್ತಾರೆ. ಆ ಪುಟದಲ್ಲಿ ಇರುವುದು ಒಂದೇ ಹಸಿರು ಬಟನ್. ಅದರ ಮೇಲೆ "ಇನ್ನಷ್ಟು ತಿಳಿಯಿರಿ" ಎಂದು ಬರೆದಿದ್ದೇವೆ. ಒತ್ತಿದರೆ ವಾಟ್ಸಾಪ್ ತೆರೆದುಕೊಳ್ಳುತ್ತದೆ.

ಕಳೆದ ಎರಡು ವಾರದ ಲೆಕ್ಕ ಹೀಗಿದೆ. ಬಟನ್ ಒತ್ತಿದವರು 640 ಜನ. ಸಂದೇಶ ಕಳಿಸಿದವರು 71. ಅದರಲ್ಲಿ ಬಹುಪಾಲು "ಹಾಯ್", "ರೇಟ್ ಎಷ್ಟು" ಅಷ್ಟೇ. ಅಳತೆ ಗೊತ್ತಿಲ್ಲದೆ ನಾವು ದರ ಹೇಳುವುದು ಹೇಗೆ? ತಿರುಗಿ ಅಳತೆ ಕೇಳಿದಾಗ ಕೊಟ್ಟವರು 9 ಜನ. ಆರ್ಡರ್ ಆಗಿದ್ದು 2.

ಮುಂದಿನ ತಿಂಗಳು ಮಡಚುವ ಓದುವ ಮೇಜಿಗೆ ಪ್ರೀ ಆರ್ಡರ್ ಶುರು ಮಾಡಬೇಕು. ಮಾದರಿಗಳನ್ನು ಇಟ್ಟಿರುವ ಅಂಗಡಿಗೂ ಜನ ಬರಬೇಕು. ಮೂರೂ ಕೆಲಸಕ್ಕೆ ಒಂದೇ ಥರದ ಬಟನ್ ಸಾಕಾಗುತ್ತದಾ? ಬಣ್ಣ ಬದಲಿಸಿ ನೋಡಿದೆ, ಏನೂ ಆಗಲಿಲ್ಲ. ಮಾತಿನಲ್ಲೇ ಏನೋ ತಪ್ಪಿದೆ ಅನ್ನಿಸುತ್ತಿದೆ.

ವೇಗದೂತ

ಇದಕ್ಕೆ ಉತ್ತರ ಸುಲಭ. "ಈಗಲೇ" ಸೇರಿಸಿ. "ಈಗಲೇ ಸಂಪರ್ಕಿಸಿ", "ಈಗಲೇ ಭೇಟಿ ನೀಡಿ", "ಈಗಲೇ ಬುಕ್ ಮಾಡಿ". ಅವಸರ ಹುಟ್ಟಿಸದಿದ್ದರೆ ಜನ ಆಮೇಲೆ ನೋಡೋಣ ಅಂತ ಹೋಗಿಬಿಡುತ್ತಾರೆ. ನಾನು ಮಾಡಿದ ಎಲ್ಲ ಜಾಹೀರಾತಿನಲ್ಲೂ "ಈಗಲೇ" ಇದ್ದಾಗ ಕ್ಲಿಕ್ ಜಾಸ್ತಿ ಬಂದಿದೆ.

ಸಾಲುಬರಹ

ವೇಗದೂತ ಅವರೇ, ನೀವು ಹೇಳುವುದು ಅರ್ಧ ಸರಿ. ಒತ್ತಿದ ಕ್ಷಣದಲ್ಲೇ ಕೆಲಸ ಮುಗಿಯುವ ಕಡೆ "ಈಗಲೇ" ಕೆಲಸ ಮಾಡುತ್ತದೆ. ಆ್ಯಪ್ ಇನ್‌ಸ್ಟಾಲ್ ಅಂಥದ್ದು. ಅಂಗಡಿ ಭೇಟಿ ಹಾಗಲ್ಲ. ರಾತ್ರಿ ಹನ್ನೊಂದಕ್ಕೆ ಹಾಸಿಗೆ ಮೇಲೆ ಮಲಗಿ ಫೋನ್ ನೋಡುತ್ತಿರುವವರಿಗೆ "ಈಗಲೇ ಭೇಟಿ ನೀಡಿ" ಎಂದರೆ ಅವರು ಮಾಡುವುದಾದರೂ ಏನು?

ಕಪಾಟು ಮೇಡಂ, ನಿಮ್ಮ ಸಂಖ್ಯೆಗಳು ತುಂಬಾ ಚೆನ್ನಾಗಿ ಮಾತಾಡುತ್ತಿವೆ. 640 ಜನ ಒತ್ತಿ 71 ಜನ ಬರೆದಿದ್ದಾರೆ ಅಂದರೆ ನಿಮ್ಮ ಬಟನ್‌ಗೆ ಆಕರ್ಷಣೆ ಸಾಕಷ್ಟಿದೆ. ಆದರೆ ಅದು ಹೇಳಿದ್ದು ಒಂದು, ಒತ್ತಿದಾಗ ಆದದ್ದು ಇನ್ನೊಂದು. "ಇನ್ನಷ್ಟು ತಿಳಿಯಿರಿ" ಎಂದು ಓದಿದವರು ಇನ್ನೊಂದು ಪುಟ ಬರುತ್ತದೆ, ಫೋಟೊ, ವಿವರ ಇರುತ್ತದೆ ಎಂದುಕೊಳ್ಳುತ್ತಾರೆ. ಸುಮ್ನೆ ಓದೋಣ ಎಂದು ಒತ್ತುತ್ತಾರೆ. ಎದುರಿಗೆ ಬಂದಿದ್ದು ಖಾಲಿ ಚಾಟ್ ಪೆಟ್ಟಿಗೆ. ಓದಲು ಬಂದವರ ಕೈಗೆ ಬರೆಯುವ ಕೆಲಸ ಬಂತು. ಜೊತೆಗೆ ಅವರ ನಂಬರ್ ನಿಮಗೆ ಗೊತ್ತಾಗುತ್ತದೆ ಎಂಬ ಅಳುಕು. ಹಿಂದಕ್ಕೆ ಹೋಗುತ್ತಾರೆ.

ಬಟನ್ ಬರೆಯುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಒತ್ತಿದ ಮರುಕ್ಷಣ ಪರದೆ ಮೇಲೆ ಏನು ಬರುತ್ತದೆ, ಅಲ್ಲಿ ಅವರು ಏನು ಮಾಡಬೇಕು? ಆ ಕೆಲಸದ ಹೆಸರೇ ಬಟನ್ ಮೇಲೆ ಇರಬೇಕು. ನಿಮಗೆ ಬೇಕಾದ ಫಲದ ಹೆಸರಲ್ಲ. ನಿಮಗೆ ಬೇಕಾಗಿದ್ದು ಆರ್ಡರ್. ಅವರು ಮಾಡಬೇಕಾಗಿದ್ದು ಅಳತೆ ಕಳಿಸುವುದು. ಅದಕ್ಕೆ ಅವರಿಗೆ ಸಿಗುವುದು ಅಂದಾಜು ದರ. ಹಾಗಾದರೆ ಬಟನ್: "ಅಳತೆ ಕಳಿಸಿ, ಅಂದಾಜು ಪಡೆಯಿರಿ".

ಓದುಗ_ರಮ್ಯ

ಅಂಗಡಿ ಭೇಟಿ ಅಂದರೆ ಪ್ಲೇ ಸ್ಟೋರ್‌ಗೆ ಹೋಗುವುದು ಅಂತ ಓದಿಕೊಂಡೆ! ಅಲ್ಲಿ "Install" ಬಟನ್ ಗೂಗಲ್‌ನವರದೇ, ಅದನ್ನು ಬದಲಿಸಲು ಆಗುವುದಿಲ್ಲ ಅಲ್ವಾ?

ಸಾಲುಬರಹ

ಅವರು ಹೇಳಿದ್ದು ಬಾಗಿಲು ಇರುವ ನಿಜವಾದ ಅಂಗಡಿ, ರಮ್ಯ ಅವರೇ. ಆದರೆ ನಿಮ್ಮ ಮಾತು ಉಪಯೋಗಕ್ಕೆ ಬರುತ್ತದೆ. ಎಷ್ಟೋ ಕಡೆ ಬಟನ್ ನಮ್ಮದಲ್ಲ. ಪ್ಲೇ ಸ್ಟೋರ್‌ನಲ್ಲಿ "Install", ಆ್ಯಪ್ ಸ್ಟೋರ್‌ನಲ್ಲಿ "Get". ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನಲ್ಲೂ ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಅಂಥಲ್ಲಿ ನಮ್ಮ ಮಾತು ಬಟನ್‌ನ ತಕ್ಷಣ ಮೇಲಿನ ಸಾಲಿಗೆ ಹೋಗಬೇಕು. ಓದುವವರು ಆ ಸಾಲು ಮತ್ತು ಬಟನ್ ಎರಡನ್ನೂ ಒಂದೇ ಉಸಿರಿನಲ್ಲಿ ಓದುತ್ತಾರೆ.

ಪಾಠದ_ಆ್ಯಪ್

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮದು ಭಾಷೆ ಕಲಿಸುವ ಚಿಕ್ಕ ಆ್ಯಪ್. "ಡೌನ್‌ಲೋಡ್ ಮಾಡಿ" ಎಂಬ ಸಾಲಿಗೆ ಇನ್‌ಸ್ಟಾಲ್ ಕಡಿಮೆ ಇತ್ತು. "ಮೊದಲ ಪಾಠ ಈಗಲೇ ಆಲಿಸಿ" ಎಂದು ಮಾಡಿದೆವು. ಇನ್‌ಸ್ಟಾಲ್ ಏರಿತು, ಖುಷಿಯಾಯಿತು. ಒಂದು ವಾರದಲ್ಲಿ ನೋಡಿದರೆ ಅದೇ ದಿನ ಆ್ಯಪ್ ತೆಗೆದುಹಾಕಿದವರ ಸಂಖ್ಯೆಯೂ ಏರಿತ್ತು. ಮಾತು ಚೆನ್ನಾಗಿಯೇ ಇತ್ತಲ್ಲ, ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಂಡೆವು.

ಸಾಲುಬರಹ

ಆ್ಯಪ್ ತೆರೆದ ತಕ್ಷಣ ಏನು ಬರುತ್ತಿತ್ತು?

ಪಾಠದ_ಆ್ಯಪ್

ಫೋನ್ ನಂಬರ್, ಓಟಿಪಿ, ವಯಸ್ಸು, ಯಾವ ಭಾಷೆ ಬೇಕು, ದಿನಕ್ಕೆ ಎಷ್ಟು ಹೊತ್ತು ಕಲಿಯುತ್ತೀರಿ, ಆಮೇಲೆ ನೋಟಿಫಿಕೇಶನ್ ಅನುಮತಿ. ಇಷ್ಟೆಲ್ಲ ದಾಟಿದ ಮೇಲೆ ಪಾಠ.

ಸಾಲುಬರಹ

ಅಲ್ಲೇ ಇದೆ ನೋಡಿ. "ಮೊದಲ ಪಾಠ ಈಗಲೇ ಆಲಿಸಿ" ಎಂಬ ಮಾತನ್ನು ಉಳಿಸಿಕೊಳ್ಳಬೇಕಾದರೆ ಆ್ಯಪ್ ತೆರೆದ ತಕ್ಷಣ ಪಾಠ ಕೇಳಿಸಬೇಕು. ನಂಬರ್ ಕೇಳುವುದನ್ನು ಎರಡನೇ ಪಾಠಕ್ಕೆ ತಳ್ಳಿ. ಅದು ಆಗುವುದಿಲ್ಲ ಅಂದರೆ ಸಾಲನ್ನು ಇಳಿಸಿ: "ಆ್ಯಪ್ ಹಾಕಿಕೊಂಡು ಉಚಿತ ಖಾತೆ ತೆರೆಯಿರಿ". ಕ್ಲಿಕ್ ಕಡಿಮೆಯಾಗುತ್ತದೆ. ಬಂದವರು ಉಳಿಯುತ್ತಾರೆ.

ಇನ್ನೊಂದು ತೊಡಕು ಇದೆ. "ಈ ಪಾಠ ಮುಂದುವರಿಸಿ" ಎಂದು ವೆಬ್ ಪುಟದಲ್ಲಿ ಬರೆದರೆ, ನಡುವೆ ಸ್ಟೋರ್ ಬರುತ್ತದೆ. ಹೊಸದಾಗಿ ಹಾಕಿಕೊಂಡ ಆ್ಯಪ್‌ಗೆ ಅವರು ಯಾವ ಪಾಠ ಓದುತ್ತಿದ್ದರು ಎಂಬುದು ತಾನಾಗಿ ಗೊತ್ತಾಗುವುದಿಲ್ಲ. ಅದನ್ನು ದಾಟಿಸುವ ಲಿಂಕ್ ವ್ಯವಸ್ಥೆ ಬೇಕು. ತುಂಬ ಜನ ಇದಕ್ಕೆ ಫೈರ್‌ಬೇಸ್ ಡೈನಮಿಕ್ ಲಿಂಕ್ಸ್ ಬಳಸುತ್ತಿದ್ದರು. ಗೂಗಲ್ ಅದನ್ನು 2025ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಹಳೆಯ ಜಾಹೀರಾತಿನಲ್ಲಿ ಅಂಥ ಲಿಂಕ್ ಉಳಿದಿದ್ದರೆ ಮೊದಲು ಅದನ್ನು ಬದಲಿಸಿ.

ಪಾಠದ_ಆ್ಯಪ್

ಒಂದು ಉಳಿದಿದೆ! ಇವತ್ತೇ ತೆಗೆಯುತ್ತೇನೆ. ಇನ್ನೊಂದು ಸಣ್ಣ ವಿಷಯ. ನಾವು "ಆಲಿಸಿ" ಎಂದು ಬರೆದಿದ್ದು ಬೇಕೆಂದೇ. ಮೊದಲು "ಉಚಿತವಾಗಿ ಕೇಳಿ" ಎಂದಿತ್ತು. ಕೆಲವರು ಅದನ್ನು "ಪ್ರಶ್ನೆ ಕೇಳಿ" ಎಂದು ಓದಿಕೊಂಡು, ಪ್ರಶ್ನೆ ಎಲ್ಲಿ ಬರೆಯಬೇಕು ಎಂದು ಮೇಲ್ ಹಾಕಿದ್ದರು.

ಸಾಲುಬರಹ

ಕನ್ನಡದಲ್ಲಿ ಬಟನ್ ಬರೆಯುವವರೆಲ್ಲ ಗಮನಿಸಬೇಕಾದ ಮಾತು ಇದು. "ಕೇಳಿ" ಎರಡೂ ಕಡೆ ತಿರುಗುತ್ತದೆ. ಹಾಡು, ಪಾಠ, ಧ್ವನಿ ಇರುವ ಕಡೆ "ವಾಟ್ಸಾಪ್‌ನಲ್ಲಿ ಕೇಳಿ" ಎಂದರೆ ಆಡಿಯೋ ಕಳಿಸುತ್ತಾರೇನೋ ಎನ್ನಿಸುತ್ತದೆ. ಕಪಾಟಿನ ವಿಷಯದಲ್ಲಿ ಆ ತೊಂದರೆ ಇಲ್ಲ, "ದರ ಕೇಳಿ" ಎಂದರೆ ಎಲ್ಲರಿಗೂ ಒಂದೇ ಅರ್ಥ.

"ವಿಚಾರಿಸಿ" ನಡೆಯುತ್ತದೆ, ಆದರೆ ಸ್ವಲ್ಪ ಬಿಗಿ. "ವಿಚಾರಣೆಗಾಗಿ ಒತ್ತಿ" ಮಾತ್ರ ಬೇಡ, ಕೋರ್ಟಿನ ನೆನಪು ಬರುತ್ತದೆ. ಮಾತಿನಲ್ಲಿ ಜನ ಹೇಳುವುದು "ವಾಟ್ಸಾಪ್ ಮಾಡಿ" ಎಂದೇ. ಅದು ಬಟನ್ ಮೇಲೂ ಚೆನ್ನಾಗಿ ಕೂರುತ್ತದೆ. "ಗೋಡೆಯ ಅಳತೆ ವಾಟ್ಸಾಪ್ ಮಾಡಿ" ಎಂದು ಓದಿದರೆ ಎಲ್ಲಿಗೆ ಹೋಗುತ್ತೇನೆ, ಏನು ಮಾಡಬೇಕು ಎರಡೂ ಗೊತ್ತಾಗುತ್ತವೆ.

ಕಪಾಟು_ಕೆಲಸ

ತುಂಬಾ ಉಪಕಾರವಾಯಿತು. ಆದರೆ ಒಂದು ಭಯ. ಅಳತೆ ಅಂದರೆ ಜನ ಓಡಿಹೋಗುವುದಿಲ್ಲವಾ? ಟೇಪು ಹುಡುಕಿ, ಗೋಡೆ ಅಳೆದು, ಬರೆದು ಕಳಿಸುವಷ್ಟು ತಾಳ್ಮೆ ಯಾರಿಗಿದೆ?

ಸಾಲುಬರಹ

ಕೆಲವರು ಹೋಗುತ್ತಾರೆ. ನಿಮಗೆ ಈಗಲೂ ಅವರು ಉತ್ತರ ಕೊಡುತ್ತಿಲ್ಲ, 71ರಲ್ಲಿ 62 ಜನ ಅಳತೆ ಕೇಳಿದ ಕೂಡಲೇ ಸುಮ್ಮನಾಗಿದ್ದಾರೆ. ಹೋಗುವವರು ಬಟನ್ ಹತ್ತಿರವೇ ಹೋದರೆ ನಿಮ್ಮ ಸಂಜೆಯ ಎರಡು ಗಂಟೆ ಉಳಿಯುತ್ತದೆ.

ಆದರೆ ಭಾರ ಇಳಿಸುವ ದಾರಿಯೂ ಇದೆ. ವಾಟ್ಸಾಪ್ ಲಿಂಕ್‌ನಲ್ಲಿ ಸಂದೇಶವನ್ನು ಮೊದಲೇ ತುಂಬಿಸಿಡಬಹುದು. ಗಿರಾಕಿ ಚಾಟ್ ತೆರೆದಾಗ ಅದು ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಅವರು ಕಳಿಸುವ ಗುರುತು ಒತ್ತಿದರೆ ಮಾತ್ರ ಹೋಗುತ್ತದೆ, ತಾನಾಗಿ ಹೋಗುವುದಿಲ್ಲ. ಹಾಗಾಗಿ ಆ ಸಂದೇಶ ಗಿರಾಕಿಯ ಬಾಯಿಂದ ಬಂದ ಹಾಗೆ ಇರಬೇಕು. "ನಿಮ್ಮ ಉತ್ಪನ್ನಗಳ ಬಗ್ಗೆ ಮಾಹಿತಿ ನೀಡಬೇಕಾಗಿ ವಿನಂತಿ" ಎಂದು ಯಾರೂ ಮಾತಾಡುವುದಿಲ್ಲ. ಹೀಗಿರಲಿ:

"ನನಗೆ ಪುಸ್ತಕದ ಕಪಾಟು ಬೇಕು. ಗೋಡೆಯ ಅಗಲ ಸುಮಾರು ___ ಅಡಿ, ಎತ್ತರ ಸುಮಾರು ___ ಅಡಿ."

"ಸುಮಾರು" ಎಂಬ ಪದ ಬಿಡಬೇಡಿ. ಟೇಪು ಹುಡುಕುವ ಕೆಲಸವನ್ನು ಅದೇ ತಪ್ಪಿಸುವುದು. ಕಣ್ಣಳತೆಯಲ್ಲಿ ಆರು ಅಡಿ ಎಂದು ಬರೆಯಲು ಎಲ್ಲರಿಗೂ ಆಗುತ್ತದೆ. ಸರಿಯಾದ ಅಳತೆಯನ್ನು ನೀವು ಆಮೇಲೆ ತೆಗೆದುಕೊಳ್ಳಬಹುದು.

ಪಾಠದ_ಆ್ಯಪ್

ಲಿಂಕ್ ಮಾಡುವಾಗ ಒಂದು ಎಚ್ಚರ. ಕನ್ನಡ ಅಕ್ಷರವನ್ನು ನೇರವಾಗಿ ಅಂಟಿಸಿದರೆ ಕೆಲವೊಮ್ಮೆ ನಡೆಯುತ್ತದೆ, ಆದರೆ ಸಂದೇಶದಲ್ಲಿ `&` ಅಥವಾ `#` ಇದ್ದರೆ ಅಲ್ಲಿಗೇ ತುಂಡಾಗುತ್ತದೆ. ನನಗೆ ಹೀಗಾಗಿ ಅರ್ಧ ವಾಕ್ಯದ ಸಂದೇಶಗಳು ಬರುತ್ತಿದ್ದವು, ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಈ ರೀತಿ ಮಾಡಿ:

```js
const num = "..."; // ದೇಶದ ಕೋಡ್ ಸೇರಿ, ಬರೀ ಅಂಕಿ
const msg = "ನನಗೆ ಪುಸ್ತಕದ ಕಪಾಟು ಬೇಕು. ಅಗಲ ಸುಮಾರು ___ ಅಡಿ";
const link = "https://wa.me/" + num +
  "?text=" + encodeURIComponent(msg);
```

ನಂಬರ್‌ನಲ್ಲಿ ಕೂಡಿಸುವ ಗುರುತು, ಗೆರೆ, ಜಾಗ, ಆರಂಭದ ಸೊನ್ನೆ ಯಾವುದೂ ಇರಬಾರದು. ಲಿಂಕ್ ತುಂಬಾ ಉದ್ದ ಬಂತೆಂದು ಹೆದರಬೇಡಿ. "ಕ" ಒಂದೇ ಅಕ್ಷರ `%E0%B2%95` ಆಗುತ್ತದೆ, ಕನ್ನಡಕ್ಕೆ ಹಾಗೇ ಇರುವುದು.

ಎಣಿಕೆ_ಮನೆ

ಅಳೆಯುವ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬಂದೆ. ಬಟನ್ ಮಾತು ಬದಲಿಸಿದಾಗ ಕ್ಲಿಕ್ ಸಂಖ್ಯೆ ನೋಡಿ ತೀರ್ಪು ಕೊಡಬೇಡಿ. "ಇನ್ನಷ್ಟು ತಿಳಿಯಿರಿ" ಯಾವತ್ತೂ ಜಾಸ್ತಿ ಕ್ಲಿಕ್ ತರುತ್ತದೆ, ಯಾಕೆಂದರೆ ಅದು ಏನನ್ನೂ ಕೇಳುವುದಿಲ್ಲ. ಎಣಿಸಬೇಕಾಗಿದ್ದು ನಿಮ್ಮ ಕೆಲಸ ಮುಂದೆ ಸಾಗಿಸುವ ಮೊದಲ ಹೆಜ್ಜೆ. ನಿಮ್ಮ ವಿಷಯದಲ್ಲಿ ಅದು ಅಳತೆ ಇರುವ ಸಂದೇಶ. ಆರ್ಡರ್ ಸಂಖ್ಯೆ ಎರಡು, ಮೂರು ಇರುವಾಗ ಅದರಿಂದ ಏನೂ ಗೊತ್ತಾಗುವುದಿಲ್ಲ.

ಎರಡು ಬಟನ್ ಹೋಲಿಸುವುದಾದರೆ ತುಂಬಿಸಿಟ್ಟ ಸಂದೇಶದ ಕೊನೆಯಲ್ಲಿ ಒಂದು ಸಣ್ಣ ಗುರುತು ಇಡಿ. ಒಂದರಲ್ಲಿ "ಕ1", ಇನ್ನೊಂದರಲ್ಲಿ "ಕ2". ಚಾಟ್ ನೋಡಿದ ಕೂಡಲೇ ಯಾವ ಬಟನ್‌ನಿಂದ ಬಂದರು ಎಂದು ತಿಳಿಯುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕುವ ಸೌಲಭ್ಯ ಇದೆ, ಅಲ್ಲೇ ವಿಂಗಡಿಸಿಡಿ.

ವೇಗದೂತ

ಕ್ಲಿಕ್ ಜಾಸ್ತಿ ಆದರೆ ಆರ್ಡರೂ ತಾನೇ ಜಾಸ್ತಿ ಆಗುತ್ತದೆ? ಬಲೆ ದೊಡ್ಡದಾದರೆ ಮೀನು ಹೆಚ್ಚು.

ಎಣಿಕೆ_ಮನೆ

ಪ್ರತಿ ಮೀನನ್ನೂ ಕೈಯಲ್ಲಿ ಹಿಡಿದು ಮಾತಾಡಿಸಬೇಕಾದಾಗ ಹಾಗಾಗುವುದಿಲ್ಲ ಸರ್. ವಾಟ್ಸಾಪ್‌ನಲ್ಲಿ ಪ್ರತಿ "ಹಾಯ್"ಗೂ ಒಬ್ಬ ಮನುಷ್ಯ ಉತ್ತರ ಬರೆಯಬೇಕು. ಅವರು ಇಬ್ಬರೇ ಇದ್ದಾರೆ. ಆ್ಯಪ್ ಇನ್‌ಸ್ಟಾಲ್‌ನಲ್ಲಿ ಬಲೆ ದೊಡ್ಡದು ಮಾಡಿದರೆ ನಡೆಯಬಹುದು, ಅಲ್ಲಿ ಯಾರೂ ಕೂತು ಉತ್ತರ ಕೊಡಬೇಕಿಲ್ಲ.

ಪುಟ್ಟ_ಪ್ರಕಾಶನ

ಪ್ರೀ ಆರ್ಡರ್ ಬಗ್ಗೆ ನನ್ನ ಅನುಭವ. ನಾವು ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಆರ್ಡರ್ ತೆಗೆದುಕೊಳ್ಳುತ್ತೇವೆ. ಮೊದಲ ಸಲ ಬಟನ್ ಮೇಲೆ "ಮುಂಗಡ ಬುಕ್ ಮಾಡಿ" ಎಂದು ಬರೆದೆವು. ಹಣ ಪಾವತಿಯ ಪುಟದವರೆಗೆ ಬಂದು ಬಿಟ್ಟುಹೋದವರು ಬಹಳ. ಕೆಲವರು ಫೋನ್ ಮಾಡಿ ಬೇಸರದಿಂದ ಕೇಳಿದರು: "ಮುಂಗಡ ಅಂದ್ರಲ್ಲ, ಪೂರ್ತಿ ದುಡ್ಡು ಯಾಕೆ ಕೇಳ್ತಿದೀರಿ?"

ನಮಗೆ "ಮುಂಗಡ" ಅಂದರೆ ಮೊದಲೇ ಎಂಬ ಅರ್ಥ. ಓದುವವರಿಗೆ ಅದು ಅಡ್ವಾನ್ಸ್. ಸ್ವಲ್ಪ ಕೊಟ್ಟು ಉಳಿದದ್ದು ಆಮೇಲೆ. ಅವರದ್ದೇ ಸರಿ, ನಾವು ಬರೆದದ್ದು ತಪ್ಪು.

ಸಾಲುಬರಹ

ಇದನ್ನು ಹೇಳಿದ್ದಕ್ಕೆ ಧನ್ಯವಾದ. ಪ್ರೀ ಆರ್ಡರ್‌ನಲ್ಲಿ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ದುಡ್ಡು ಯಾವಾಗ ಹೋಗುತ್ತದೆ ಎಂಬುದು. ಪದ ಅದರಿಂದ ಹುಟ್ಟುತ್ತದೆ. ಸ್ವಲ್ಪ ಹಣ ಈಗ, ಉಳಿದದ್ದು ಆಮೇಲೆ ಅಂದರೆ "ಮುಂಗಡ ಕೊಟ್ಟು ಕಾಯ್ದಿರಿಸಿ". ಪೂರ್ತಿ ಈಗಲೇ ಅಂದರೆ "ಈಗ ಕೊಳ್ಳಿ", ಕೆಳಗೇ ಯಾವ ದಿನದಿಂದ ಕಳಿಸುತ್ತೀರಿ ಎಂಬ ಸಾಲು. ಹಣವೇ ಬೇಡ, ಹೆಸರು ಮಾತ್ರ ಸಾಕು ಅಂದರೆ "ಬಂದಾಗ ನನಗೆ ತಿಳಿಸಿ". ಈ ಮೂರನೆಯದನ್ನು ಪ್ರೀ ಆರ್ಡರ್ ಎಂದು ಕರೆಯಲೇಬೇಡಿ, ಅದು ಬರೀ ಪಟ್ಟಿ.

ಜನರ ತಲೆಯಲ್ಲಿ ಗೊಂದಲ ಇರುವುದಕ್ಕೆ ಕಾರಣವೂ ಇದೆ. ಆಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಹಣ ಕೊಡುವ ಆ್ಯಪ್ ಅನ್ನು ಪ್ರೀ ಆರ್ಡರ್ ಮಾಡಿದರೆ ಬಿಡುಗಡೆಯ ತನಕ ಹಣ ಕಡಿತವಾಗುವುದಿಲ್ಲ. ಪ್ಲೇ ಸ್ಟೋರ್‌ನ "Pre-register" ಒತ್ತಿದರೆ ಹಣದ ಮಾತೇ ಇಲ್ಲ, ಬಂದಾಗ ಸೂಚನೆ ಬರುತ್ತದೆ. ಅದೇ ಜನ ಎಷ್ಟೋ ವೆಬ್ ಅಂಗಡಿಗಳಲ್ಲಿ ಪ್ರೀ ಆರ್ಡರ್ ಒತ್ತಿದಾಗ ಆಗಲೇ ಪೂರ್ತಿ ಹಣ ಹೋಗುತ್ತದೆ. ಪದ ಒಂದೇ, ಆಗುವುದು ಮೂರು ಥರ. ಹಾಗಾಗಿ "ಪ್ರೀ ಆರ್ಡರ್ ಮಾಡಿ" ಎಂದು ಬರೆದರೂ ಹಣ ಯಾವಾಗ, ವಸ್ತು ಯಾವಾಗ ಎಂಬ ಎರಡು ವಿಷಯ ಬಟನ್‌ಗೆ ಅಂಟಿಕೊಂಡೇ ಇರಬೇಕು. ಪುಟದ ಕೆಳಗಿನ ನಿಯಮಗಳಲ್ಲಿ ಅಲ್ಲ.

ಪುಟ್ಟ_ಪ್ರಕಾಶನ

ಎರಡನೇ ಸಲ ನಾವು ಹಾಗೇ ಮಾಡಿದೆವು. "ನಿಮ್ಮ ಪ್ರತಿ ಕಾಯ್ದಿರಿಸಿ" ಬಟನ್, ಕೆಳಗೆ "ಪೂರ್ತಿ ಹಣ ಈಗ. ಪುಸ್ತಕ ಮುಂದಿನ ತಿಂಗಳ 20ರಂದು ಹೊರಡುತ್ತದೆ. ಅದಕ್ಕೂ ಮೊದಲು ಬೇಡವೆಂದರೆ ಹಣ ವಾಪಸ್." ಬಿಟ್ಟುಹೋಗುವವರು ಕಡಿಮೆಯಾದರು. ಆದರೆ ಆ 20ನೇ ತಾರೀಖು ತಪ್ಪಿದಾಗ ಪಟ್ಟ ಪಾಡು ಬೇರೆ. ದಿನ ಬರೆಯುವಾಗ ಅಚ್ಚಿನವರು ಹೇಳಿದ ದಿನದ ಮೇಲೆ ಒಂದು ವಾರ ಸೇರಿಸಿಕೊಳ್ಳಿ.

ಓದುಗ_ರಮ್ಯ

ಕೊಳ್ಳುವವಳಾಗಿ ಒಂದು ಮಾತು. "ಕಾಯ್ದಿರಿಸಿ" ಎಂದರೆ ನನಗೆ ಬಸ್ ಸೀಟು ಹಿಡಿದ ಹಾಗೆ, ಆಮೇಲೆ ಬೇಡ ಅನ್ನಬಹುದು ಎಂದೇ ಅನ್ನಿಸುತ್ತದೆ. ಪೂರ್ತಿ ಹಣ ತೆಗೆದುಕೊಳ್ಳುವುದಾದರೆ ಆ ಪದ ಸರಿಯಾ?

ಪುಟ್ಟ_ಪ್ರಕಾಶನ

ನಾವು ವಾಪಸ್ ಕೊಡುತ್ತೇವೆ, ಆದ್ದರಿಂದ ಸರಿ ಎಂದುಕೊಂಡೆ. ಕೊಡದವರು ಬಳಸಬಾರದು.

ಸಾಲುಬರಹ

ರಮ್ಯ ಅವರ ಮಾತಿಗೆ ತೂಕವಿದೆ. ನಾನಾಗಿದ್ದರೆ ಹಣ ಈಗಲೇ ಹೋಗುವ ಕಡೆ "ಕಾಯ್ದಿರಿಸಿ" ಬಿಟ್ಟು "ಕೊಳ್ಳಿ" ಎಂದೇ ಬರೆಯುತ್ತಿದ್ದೆ.

ಪುಟ್ಟ_ಪ್ರಕಾಶನ

ಇನ್ನೂ ಅಚ್ಚೇ ಆಗದ ಪುಸ್ತಕಕ್ಕೆ "ಕೊಳ್ಳಿ" ಎಂದರೆ ನಾಳೆಯೇ ಬರುತ್ತದೆ ಅಂದುಕೊಳ್ಳುತ್ತಾರೆ. ನನಗೆ ಒಪ್ಪಿಗೆ ಆಗುತ್ತಿಲ್ಲ.

ಕಪಾಟು_ಕೆಲಸ

ಮೇಜಿಗೆ ನಾವು ಕಾಲು ಭಾಗ ಹಣ ಈಗ, ಉಳಿದದ್ದು ಕಳಿಸುವಾಗ ಎಂದು ಇಟ್ಟುಕೊಂಡಿದ್ದೇವೆ. ಹಾಗಾದರೆ "ಮುಂಗಡ" ನಮಗೆ ಹೊಂದುತ್ತದೆ. ಈಗ ಅಂಗಡಿ ಭೇಟಿ ಉಳಿಯಿತು.

ಸಾಲುಬರಹ

"ಭೇಟಿ ನೀಡಿ" ಎಂಬುದನ್ನು ವೆಬ್‌ಸೈಟ್‌ನವರು ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ. "ನಮ್ಮ ವೆಬ್‌ಸೈಟ್‌ಗೆ ಭೇಟಿ ನೀಡಿ" ಎಂದು ಎಷ್ಟು ಸಲ ಓದಿದ್ದೇವೆ! ಅದಕ್ಕೇ ಬಟನ್ ಮೇಲೆ ಬರೀ "ಭೇಟಿ ನೀಡಿ" ಎಂದಿದ್ದರೆ ಇನ್ನೊಂದು ಪುಟ ಬರುತ್ತದೆ ಎಂದುಕೊಳ್ಳುತ್ತಾರೆ. "ಅಂಗಡಿಗೆ ಬನ್ನಿ" ಆತ್ಮೀಯವಾಗಿದೆ, ಆದರೆ ಅದು ಆಹ್ವಾನ. ಶೀರ್ಷಿಕೆಗೆ ಸರಿ. ಬಟನ್ ಒತ್ತಿದಾಗ ತೆರೆಯುವುದು ನಕ್ಷೆ. ಹಾಗಾಗಿ ಬಟನ್ "ದಾರಿ ನೋಡಿ". ಮೇಲಿನ ಸಾಲಿನಲ್ಲಿ ಬರಲು ಒಂದು ಕಾರಣ ಕೊಡಿ, ಫೋನಿನಲ್ಲಿ ಸಿಗದಂಥದ್ದು: "ಮರ ಮುಟ್ಟಿ ನೋಡಿ, ಬಣ್ಣ ಪಕ್ಕಪಕ್ಕ ಇಟ್ಟು ಆರಿಸಿ". ತೆರೆದಿರುವ ಸಮಯ ಬಟನ್ ಕೆಳಗೇ ಇರಲಿ.

ಎಣಿಕೆ_ಮನೆ

ಅಂಗಡಿ ಭೇಟಿಯಲ್ಲಿ "ದಾರಿ ನೋಡಿ" ಒತ್ತಿದವರೆಲ್ಲ ಬಂದರು ಎಂದು ಲೆಕ್ಕ ಹಾಕಬೇಡಿ. ಎಷ್ಟು ದೂರ ಎಂದು ನೋಡಿ ಸುಮ್ಮನಾಗುವವರು ಬಹಳ. ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟು "ಹೇಗೆ ಗೊತ್ತಾಯಿತು?" ಎಂದು ಕೇಳಿ ಬರೆದುಕೊಳ್ಳುವುದೇ ಚಿಕ್ಕ ಅಂಗಡಿಗೆ ನಂಬಿಕೆಯ ಲೆಕ್ಕ.

ಕಪಾಟು_ಕೆಲಸ · 2 ವಾರದ ನಂತರ

ಹೇಳಿದ ಹಾಗೆ ಬದಲಿಸಿದೆ. ಅಷ್ಟೇ ಹಣ, ಅದೇ ಜಾಹೀರಾತು, ಅದೇ ಜನ. ಬಟನ್ "ಅಳತೆ ಕಳಿಸಿ, ಅಂದಾಜು ಪಡೆಯಿರಿ". ತುಂಬಿಸಿಟ್ಟ ಸಂದೇಶವನ್ನೂ ಹಾಕಿದೆ. ಒತ್ತಿದವರು 310, ಅಂದರೆ ಅರ್ಧಕ್ಕೂ ಕಡಿಮೆ. ಮೊದಲ ಮೂರು ದಿನ ನನ್ನ ತಮ್ಮ ಹಳೆಯದನ್ನೇ ಹಾಕೋಣ ಎಂದು ಒತ್ತಾಯ ಮಾಡಿದ. ಆದರೆ ಸಂದೇಶ ಬಂದಿದ್ದು 64. ಅದರಲ್ಲಿ ಅಳತೆ ಇದ್ದದ್ದು 38! ಹಿಂದೆ 9 ಇತ್ತು. ಆರ್ಡರ್ 6.

ಒಂದು ತೊಂದರೆ ಮಾತ್ರ ಆಯಿತು. ಬಟನ್‌ನಲ್ಲಿ "ಕಳಿಸಿ" ಪದದ ಕೆಳಗೆ ಜಾಗ ಸರಿಯಿತ್ತು, ಆದರೆ ಹಳೆಯ ಬಟನ್‌ನಲ್ಲಿ "ಇನ್ನಷ್ಟು" ಎಂಬಲ್ಲಿ ಒತ್ತಕ್ಷರ ಅರ್ಧ ಕತ್ತರಿಸಿ ಕಾಣುತ್ತಿತ್ತು. ಇಷ್ಟು ದಿನ ನಮ್ಮ ಗಮನಕ್ಕೇ ಬಂದಿರಲಿಲ್ಲ.

ಸಾಲುಬರಹ

ಬಟನ್ ವಿನ್ಯಾಸ ಮಾಡಿದವರು ಇಂಗ್ಲಿಷ್ ಅಕ್ಷರ ಇಟ್ಟು ಎತ್ತರ ಗೊತ್ತು ಮಾಡಿದ್ದರೆ ಹೀಗಾಗುತ್ತದೆ. ಸಾಲಿನ ಎತ್ತರ ಹೆಚ್ಚಿಸಲು ಹೇಳಿ. ಪರೀಕ್ಷೆಗೆ ಒತ್ತಕ್ಷರ ಇರುವ ಪದವನ್ನೇ ಹಾಕಿ ನೋಡಬೇಕು.

ಉದ್ದದ ವಿಷಯವೂ ಹಾಗೇ. "ಅಳತೆ ಕಳಿಸಿ, ಅಂದಾಜು ಪಡೆಯಿರಿ" ಎಂಬುದು ಕಣ್ಣಿಗೆ 13 ಅಕ್ಷರ. ಕಂಪ್ಯೂಟರ್ ಕೊಂಬು, ಗುಡಿಸು, ಒತ್ತು ಎಲ್ಲವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಜಾಗ, ಅಲ್ಪವಿರಾಮ ಸೇರಿ 26 ಆಗುತ್ತದೆ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಶೀರ್ಷಿಕೆಗೆ ಇರುವುದು 30. ಇನ್ನೊಂದು ಪದ ಸೇರಿಸಲು ಹೋದರೆ ಹಿಡಿಸುವುದಿಲ್ಲ.

ಎಣಿಕೆ_ಮನೆ

ಮೇಡಂ, 71ರಲ್ಲಿ 9 ಇದ್ದದ್ದು 64ರಲ್ಲಿ 38 ಆಗಿದೆ ಅಂದರೆ ಅದು ಅದೃಷ್ಟ ಅಲ್ಲ, ನಂಬಬಹುದು. ಆರ್ಡರ್ 2 ಇದ್ದದ್ದು 6 ಆಗಿದ್ದನ್ನು ಮಾತ್ರ ಇನ್ನೂ ನಂಬಬೇಡಿ. ಆದರೆ ಒಂದು ವಿಷಯ ಮನಸ್ಸಿಗೆ ಕೊರೆಯುತ್ತಿದೆ. ನೀವು ಒಂದೇ ಸಲಕ್ಕೆ ಎರಡು ಬದಲಿಸಿದ್ದೀರಿ. ಬಟನ್ ಮಾತು ಒಂದು, ತುಂಬಿಸಿಟ್ಟ ಸಂದೇಶ ಇನ್ನೊಂದು. ಗೆದ್ದಿದ್ದು ಯಾವುದು?

ಸಾಧ್ಯವಾದರೆ ಇನ್ನೊಮ್ಮೆ ಮಾಡಿ. ಎರಡೂ ಬಟನ್ ಹಿಂದೆ ಅದೇ ಸಂದೇಶ ಇರಲಿ, ಬಟನ್ ಮೇಲಿನ ಮಾತು ಮಾತ್ರ ಬೇರೆ. ಒಂದರ ನಂತರ ಒಂದಲ್ಲ, ಎರಡೂ ಒಂದೇ ವಾರ ಓಡಲಿ. ಸಂಬಳದ ವಾರ, ರಜೆಯ ವಾರ ಎಂದು ಫಲ ತಿರುಗುಮುರುಗಾಗುವುದು ತಪ್ಪುತ್ತದೆ.

ಕಪಾಟು_ಕೆಲಸ · 5 ವಾರದ ನಂತರ

ಮಾಡಿದೆ. ಫಲ ನೋಡಿ ನನಗೇ ಆಶ್ಚರ್ಯವಾಯಿತು.

"ಇನ್ನಷ್ಟು ತಿಳಿಯಿರಿ" ಬಟನ್, ಹಿಂದೆ ತುಂಬಿಸಿಟ್ಟ ಸಂದೇಶ: ಬಂದದ್ದು 58, ಅಳತೆ ಇದ್ದದ್ದು 27.
"ಅಳತೆ ಕಳಿಸಿ, ಅಂದಾಜು ಪಡೆಯಿರಿ" ಬಟನ್, ಹಿಂದೆ ಅದೇ ಸಂದೇಶ: ಬಂದದ್ದು 61, ಅಳತೆ ಇದ್ದದ್ದು 39.

ಅಂದರೆ ಬರೀ ಸಂದೇಶ ತುಂಬಿಸಿಟ್ಟಿದ್ದರಿಂದಲೇ ಹೆಚ್ಚು ಪಾಲು ಕೆಲಸ ಆಗಿದೆ ಅಲ್ವಾ?

ಎಣಿಕೆ_ಮನೆ

ಹಾಗೇ ಕಾಣುತ್ತದೆ. ಹಳೆಯ ಬಟನ್ ಇಟ್ಟುಕೊಂಡೇ ನೂರಕ್ಕೆ 13 ಇದ್ದ ಅಳತೆ 47ರ ಹತ್ತಿರ ಬಂದಿದೆ. ಬಟನ್ ಮಾತು ಅದನ್ನು 64ಕ್ಕೆ ಒಯ್ದಿದೆ. ಈ ಎರಡನೇ ಏರಿಕೆ ಇರಬಹುದು, ಇಲ್ಲದೆಯೂ ಇರಬಹುದು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಗಡಿಯ ಮೇಲೆ ನಿಂತಿದೆ. ಇನ್ನೂ ಎರಡು ವಾರ ಓಡಿಸಿದರೆ ತಿಳಿಯುತ್ತದೆ.

ಸಾಲುಬರಹ

ನಾನು ಬಟನ್‌ಗೆ ಕೊಟ್ಟಷ್ಟು ಮಹತ್ವವನ್ನು ಸಂದೇಶಕ್ಕೆ ಕೊಟ್ಟಿರಲಿಲ್ಲ. ಈ ಲೆಕ್ಕ ನೋಡಿದ ಮೇಲೆ ವಾಟ್ಸಾಪ್ ಕೆಲಸ ಬಂದರೆ ಮೊದಲು ಸಂದೇಶ ಬರೆದು, ಅದರ ಕ್ರಿಯಾಪದವನ್ನೇ ಎತ್ತಿ ಬಟನ್ ಮೇಲೆ ಇಡುತ್ತೇನೆ.

ವೇಗದೂತ

ನಾನೂ ಒಂದು ಪರೀಕ್ಷೆ ಮಾಡಿದೆ. ನಮ್ಮ ಆ್ಯಪ್ ಜಾಹೀರಾತಿನಲ್ಲಿ "ಈಗಲೇ" ಉಳಿಸಿದೆ, ಚೆನ್ನಾಗಿಯೇ ನಡೆಯುತ್ತಿದೆ. ಸೇವಾ ಕೇಂದ್ರಕ್ಕೆ ಜನ ಬರಬೇಕಾದ ಜಾಹೀರಾತಿನಿಂದ ತೆಗೆದು "ದಾರಿ ನೋಡಿ" ಎಂದು ಹಾಕಿದೆ. ಕ್ಲಿಕ್ ಕಡಿಮೆಯಾಗಿದೆ. ಬರುವವರ ಲೆಕ್ಕ ಇಟ್ಟುಕೊಳ್ಳಲು ಪುಸ್ತಕ ನಿನ್ನೆಯಷ್ಟೇ ಇಟ್ಟಿದ್ದೇನೆ. ಸ್ಟೋರ್‌ನಲ್ಲಿ ಹಾಕುವ ಸ್ಕ್ರೀನ್‌ಶಾಟ್ ಮೇಲೂ "ಈಗಲೇ ಡೌನ್‌ಲೋಡ್ ಮಾಡಿ" ಎಂದು ಬರೆಯಬಹುದಾ?

ಪಾಠದ_ಆ್ಯಪ್

ಬೇಡ ಸರ್. ಸ್ಟೋರ್ ಪುಟದ ಚಿತ್ರಗಳ ಮೇಲೆ "Download now", "Install now" ಥರದ ಮಾತು ಹಾಕಬೇಡಿ ಎಂದು ಪ್ಲೇ ಸ್ಟೋರ್‌ನ ಸೂಚನೆಗಳಲ್ಲೇ ಇದೆ. ಪಕ್ಕದಲ್ಲೇ ಇನ್‌ಸ್ಟಾಲ್ ಬಟನ್ ಇರುವಾಗ ಅದರ ಅಗತ್ಯವೂ ಇಲ್ಲ. ಆ ಜಾಗದಲ್ಲಿ ಆ್ಯಪ್ ಒಳಗೆ ಏನು ಕಾಣುತ್ತದೆ ಎಂದು ತೋರಿಸಿ.

ಓದುಗ_ರಮ್ಯ

ಒಂದು ಪ್ರಶ್ನೆ ಉಳಿದಿದೆ. ಆ ತುಂಬಿಸಿಟ್ಟ ಸಂದೇಶ ಕನ್ನಡದಲ್ಲಿ ಇದ್ದರೆ, ಕನ್ನಡ ಕೀಬೋರ್ಡ್ ಇಲ್ಲದವರು ಖಾಲಿ ಜಾಗ ತುಂಬುವುದು ಹೇಗೆ? ನನ್ನ ಅಕ್ಕ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವುದು.

ಕಪಾಟು_ಕೆಲಸ

ನಮ್ಮಲ್ಲಿ ತುಂಬಬೇಕಾದದ್ದು ಅಂಕಿ ಮಾತ್ರ, ಅದಕ್ಕೆ ತೊಂದರೆ ಆಗಲಿಲ್ಲ ಅನ್ನಿಸುತ್ತದೆ. ಆದರೆ ಚಾಟ್‌ಗಳನ್ನು ಮತ್ತೆ ನೋಡಿದೆ. ಐದು ಜನ ನಮ್ಮ ಸಂದೇಶ ಪೂರ್ತಿ ಅಳಿಸಿ, ಇಂಗ್ಲಿಷ್ ಅಕ್ಷರದಲ್ಲಿ ತಾವೇ ಬರೆದಿದ್ದಾರೆ. "ಕ1", "ಕ2" ಗುರುತೂ ಅದರ ಜೊತೆ ಹೋಗಿದೆ, ಅವರನ್ನು ನಾನು ಯಾವ ಲೆಕ್ಕಕ್ಕೂ ಸೇರಿಸಿಲ್ಲ. ಐದರಲ್ಲಿ ನಾಲ್ವರು ಅಳತೆ ಕೊಟ್ಟಿದ್ದಾರೆ.

ಎಣಿಕೆ_ಮನೆ

ಆ ನಾಲ್ವರನ್ನು ಯಾವ ಬಟನ್‌ಗೆ ಸೇರಿಸಬೇಕು ಎಂದು ಗೊತ್ತಿಲ್ಲದ ಮೇಲೆ, ನಾನು ಗಡಿಯ ಮೇಲೆ ನಿಂತಿದೆ ಎಂದದ್ದು ಇನ್ನಷ್ಟು ಅಲುಗಾಡುತ್ತದೆ. ಮುಂದಿನ ಎರಡು ವಾರ ಎರಡು ಬಟನ್‌ಗೆ ಎರಡು ಬೇರೆ ನಂಬರ್ ಇಟ್ಟು ನೋಡಲು ಆಗುತ್ತದಾ?

ಕಪಾಟು_ಕೆಲಸ

ತಮ್ಮನ ನಂಬರ್ ಇದೆ. ಸೋಮವಾರದಿಂದ ಶುರು ಮಾಡುತ್ತೇನೆ, ಲೆಕ್ಕ ಇಲ್ಲೇ ಹಾಕುತ್ತೇನೆ.